ಮುಳ್ಳು ತೆಗೆದು ಪಟ್ಟಿ ಇಟ್ಟ ಕಥೆ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲೇ ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ, ಕಂಪ್ಯೂಟರ್ ಎರಡೂ ನೋಡಿಕೊಳ್ಳುತ್ತೇನೆ. ಇವತ್ತು ನಮ್ಮ ಆಫೀಸಿನ ಗೋಡೆ ಮೇಲಿರುವ ಟಿವಿಯ ವಿಷಯ ಹೇಳುತ್ತೇನೆ.

ಅದರಲ್ಲಿ ಮೊದಲು ಮಿಲ್ಲಿನ ದಿನದ ಲೆಕ್ಕ ತೋರಿಸುವ ಆರು ಗೇಜ್ ಇದ್ದವು. ಜೀಪಿನ ಸ್ಪೀಡೋಮೀಟರ್ ಥರ, ಹಸಿರು, ಹಳದಿ, ಕೆಂಪು, ನಡುವೆ ಹೊಳೆಯುವ ಮುಳ್ಳು. ಮಾಡಿದವನು ನಾನೇ, ಎರಡು ದಿನ ಕೂತು ಮಾಡಿದ್ದೆ. ಸಾಹುಕಾರರು ಬಂದು ನೋಡಿ ಒಂದೇ ಮಾತು ಕೇಳಿದರು: "ಚಂದ ಅದ. ಆದ್ರ ನಮ್ಮ ಗುರಿ ಎಲ್ಲದ ಇದ್ರಾಗ?" ಗುರಿ ಇರಲೇ ಇಲ್ಲ. ಕೆಂಪು ಎಲ್ಲಿ ಮುಗಿಯಬೇಕು ಅಂತಲೂ ನಾನು ಯೋಚಿಸಿರಲಿಲ್ಲ. ಅರ್ಧ ಚಕ್ರವನ್ನು ಸುಮ್ನೆ ಮೂರು ಸಮಪಾಲು ಮಾಡಿದ್ದೆ.

ಬಾಯ್ಲರ್ ಮೇಲಿನ ಗೇಜನ್ನು ನಾನು ದೂರುತ್ತಿಲ್ಲ. ಅಲ್ಲಿ ಮುಳ್ಳು ಕಣ್ಣೆದುರೇ ಅಲ್ಲಾಡುತ್ತದೆ, ದೂರದಿಂದಲೂ ತಿಳಿಯುತ್ತದೆ. ದಿನಕ್ಕೊಮ್ಮೆ ಬದಲಾಗುವ ಸಂಖ್ಯೆಗೆ ಆ ಮುಳ್ಳು ಯಾಕೆ? ಕೋನಕ್ಕಿಂತ ಒಂದೇ ಅಳತೆಯ ಮೇಲಿನ ಸ್ಥಾನವನ್ನು ನಮ್ಮ ಕಣ್ಣು ಸರಿಯಾಗಿ ಅಂದಾಜಿಸುತ್ತದೆ. ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಅನ್ನುವ ಸಂಖ್ಯಾಶಾಸ್ತ್ರಜ್ಞರು 1984ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಗೇಜಿನ ಬದಲಿಗೆ ಬುಲೆಟ್ ಚಾರ್ಟ್ ಅನ್ನುವುದನ್ನು ರೂಪಿಸಿದವರು ಸ್ಟೀಫನ್ ಫ್ಯೂ.

ಅದರಲ್ಲಿ ಇರುವುದು ಮೂರೇ. ಹಿಂದೆ ಅಗಲವಾದ ಪಟ್ಟೆಗಳು, ಅವುಗಳ ಮೇಲೆ ಇವತ್ತಿನ ಲೆಕ್ಕದ ಸಣ್ಣ ಪಟ್ಟಿ, ಅಡ್ಡಲಾಗಿ ಗುರಿಯ ಗೆರೆ. ನಮ್ಮ ಮೊದಲ ಕೆಪಿಐ, ಅಂದರೆ ಕೆಲಸ ಹೇಗೆ ನಡೆದಿದೆ ಅಂತ ಅಳೆಯುವ ಮುಖ್ಯ ಲೆಕ್ಕ, ದಿನಕ್ಕೆ ಎಷ್ಟು ಟನ್ ತೊಗರಿ ಒಡೆದೆವು ಅನ್ನುವುದು. ಗುರಿ 20 ಟನ್. ಪಟ್ಟೆ ಎಲ್ಲಿ ಬದಲಾಗಬೇಕು ಅನ್ನುವುದಕ್ಕೆ ಹೋದ ವರ್ಷದ ರಿಜಿಸ್ಟರ್ ತೆಗೆದೆವು. 12 ಟನ್‌ಗಿಂತ ಕಮ್ಮಿ ಆದ ದಿನ ಕರೆಂಟು, ಕೂಲಿಯೂ ಹುಟ್ಟುತ್ತಿರಲಿಲ್ಲ. 18 ದಾಟಿದರೆ ಆರ್ಡರು ಬಾಕಿ ಉಳಿಯುತ್ತಿರಲಿಲ್ಲ. ಹಾಗಾಗಿ 12ರ ತನಕ ಕಳಪೆ, 18ರ ತನಕ ನಡೆಯುತ್ತೆ, 25ರ ತನಕ ಚಲೋ. ಬಣ್ಣ ಒಂದೇ, ಬೂದು. ಕಳಪೆಗೆ ಗಾಢ, ಚಲೋಗೆ ತಿಳಿ. ನಮ್ಮ ಪ್ರಿಂಟರ್ ಕಪ್ಪು-ಬಿಳುಪಿನದು, ಕೆಂಪು-ಹಸಿರು ಬೇರೆಬೇರೆ ಕಾಣದವರೂ ಇರುತ್ತಾರೆ ಅಲ್ವಾ?

ಎಕ್ಸೆಲ್‌ನಲ್ಲಿ ಮಾಡುವಾಗ ನಾನು ಎರಡು ಕಡೆ ಬಿದ್ದೆ. ಪಟ್ಟೆಗಳನ್ನು ಒಂದರ ಮೇಲೊಂದು ಪೇರಿಸುವ Stacked Column ಅದು. ನಾನು 12, 18, 25 ಅಂತ ಹಾಕಿದೆ, ಕಂಬ 55ಕ್ಕೆ ಹೋಯಿತು. ಹಾಕಬೇಕಾದ್ದು ವ್ಯತ್ಯಾಸ: 12, 6, 7. ಎರಡನೆಯದು ಇನ್ನೂ ಮೋಸದ್ದು. ಇವತ್ತಿನ ಪಟ್ಟಿ ಸಣ್ಣದಾಗಬೇಕು ಅಂತ ಅದನ್ನು Secondary Axis ಮೇಲೆ ಇಟ್ಟು Gap Width ಜಾಸ್ತಿ ಮಾಡುತ್ತೇವೆ. ಆಗ ಎಕ್ಸೆಲ್ ಎರಡೂ ಅಕ್ಷಗಳಿಗೆ ತನಗೆ ತೋಚಿದ ಅಳತೆ ಕೊಡುತ್ತದೆ. ನಮ್ಮ 17.5 ಟನ್ ಗುರಿಯ ಗೆರೆಗಿಂತ ಮೇಲೆ ಕೂತಿತ್ತು! ಎರಡೂ ಅಕ್ಷಕ್ಕೆ ಕನಿಷ್ಠ 0, ಗರಿಷ್ಠ 25 ಅಂತ ಕೈಯಿಂದಲೇ ಕೊಡಿ. ಆಮೇಲೆ ಇವತ್ತಿನ ಲೆಕ್ಕದ ಜಾಗದಲ್ಲಿ 20 ಹಾಕಿ ನೋಡಿ. ಪಟ್ಟಿಯ ತುದಿ ಗುರಿಯ ಗೆರೆಗೆ ತಾಗದಿದ್ದರೆ ಅಕ್ಷ ತಪ್ಪಿದೆ ಅಂತಲೇ ಅರ್ಥ.

ಇನ್ನೊಂದು ಕೆಪಿಐ ಬೇಳೆಯ ಇಳುವರಿ, ಅಂದರೆ ನೂರು ಕೆಜಿ ತೊಗರಿಗೆ ಎಷ್ಟು ಕೆಜಿ ಬೇಳೆ ಸಿಕ್ಕಿತು ಅನ್ನುವುದು. ಗುರಿ 74, ಒಂದು ದಿನ ಬಂದದ್ದು 71.5. ಸೊನ್ನೆಯಿಂದ ಬರೆದರೆ ನೋಡಬೇಕಾದ್ದೆಲ್ಲ ತುದಿಯಲ್ಲಿ ಮುದುಡಿಕೊಳ್ಳುತ್ತದೆ. 60ರಿಂದ ಶುರು ಮಾಡಿದರೆ ಪಟ್ಟಿ ಸುಳ್ಳು ಹೇಳುತ್ತದೆ. ಗುರಿ 14 ಭಾಗ ಉದ್ದ, ನಮ್ಮದು 11.5, ಸುಮಾರು ಐದನೇ ಒಂದು ಭಾಗ ಕಮ್ಮಿ ಅನ್ನಿಸುತ್ತದೆ. ನಿಜವಾಗಿ ಗುರಿಗಿಂತ ಕಮ್ಮಿ ಇರುವುದು ಶೇ. 3.4 ಮಾತ್ರ. ಅದಕ್ಕೇ ಅಳತೆ ಸೊನ್ನೆಯಿಂದ ಶುರುವಾಗದಿದ್ದರೆ ಪಟ್ಟಿ ಬೇಡ, ಒಂದು ಚುಕ್ಕೆ ಇಡಿ. ಚುಕ್ಕೆಗೆ ಉದ್ದವೇ ಇಲ್ಲ, ಎಲ್ಲಿ ಕೂತಿದೆ ಅನ್ನುವುದನ್ನಷ್ಟೇ ಕಣ್ಣು ಓದುತ್ತದೆ. ನುಚ್ಚಿನ ಲೆಕ್ಕಕ್ಕೆ ಮಾತ್ರ ಪಟ್ಟೆಗಳನ್ನು ತಿರುಗಿಸಿದೆವು. ಅಲ್ಲಿ ಜಾಸ್ತಿ ಆದಷ್ಟೂ ಕೆಟ್ಟದ್ದು, ಗಾಢ ಬೂದು ಆ ತುದಿಗೆ ಬಂತು.

ಈಗ ಆರೂ ಚಾರ್ಟು ಪಕ್ಕಪಕ್ಕ ನಿಂತಿವೆ, ಅರ್ಧ ಟಿವಿಯೂ ತುಂಬಿಲ್ಲ. ಮೊನ್ನೆ ಟನ್ನಿನ ಪಟ್ಟಿ ಗುರಿ ದಾಟಿ 21ಕ್ಕೆ ಹೋಗಿತ್ತು. ಎಲ್ಲರೂ ಖುಷಿ. ಸಾಹುಕಾರರು ಪಕ್ಕದ ಚುಕ್ಕೆ ನೋಡಿದರು, 69. ನುಚ್ಚಿನ ಪಟ್ಟಿ ಗಾಢದೊಳಗೆ ಹೊಕ್ಕಿತ್ತು. ನನ್ನನ್ನು ಏನೂ ಕೇಳದೆ ಅಂಗಳಕ್ಕೆ ಫೋನ್ ಮಾಡಿದರು: "ಎಣ್ಣಿ ಹಚ್ಚಿದ ಮಾಲ್ ಎಷ್ಟು ದಿನ ಒಣಗಿಸೀರಿ?" ಒಂದೇ ದಿನ. ಸಿಪ್ಪೆ ಸಡಿಲಾಗಿರಲಿಲ್ಲ, ರೋಲರಿಗೆ ಮತ್ತೆ ಮತ್ತೆ ಹಾಕಿದ್ದರು, ಬೇಳೆ ಮುರಿದು ನುಚ್ಚಾಗಿತ್ತು.