ಏಮ್ಸ್ ಟೆಸ್ಟ್: ಚುಕ್ಕೆ ಎಣಿಸುವ ಮೊದಲು ಮಂಜು ನೋಡಿ

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಒಂದು ಪೆಟ್ರಿ ಪ್ಲೇಟಿನ ಬಗ್ಗೆ ಮಾತಾಡುತ್ತೇನೆ. ಅಂಗೈ ಅಗಲದ ಪ್ಲೇಟ್, ಅದರ ಮೇಲೆ ಅಲ್ಲಲ್ಲಿ ಬಿಳಿ ಚುಕ್ಕೆಗಳು. ಒಂದು ರಾಸಾಯನಿಕ ಡಿಎನ್‌ಎ ಕೆಡಿಸಿ ಕ್ಯಾನ್ಸರ್ ತರಬಹುದಾ ಅನ್ನುವ ಸುಳಿವನ್ನು ಬ್ಯಾಕ್ಟೀರಿಯಾದ ಮೇಲೆ ಹುಡುಕುವ ಪರೀಕ್ಷೆಯೇ ಏಮ್ಸ್ ಟೆಸ್ಟ್. ಅಂದರೆ ಆ ಚುಕ್ಕೆ ಎಣಿಸುವುದು, ಅಷ್ಟೇ ಅಂತ ಬಹಳ ಜನ ತಿಳಿದಿರುತ್ತಾರೆ. ಲ್ಯಾಬಿಗೆ ಹೊಸದಾಗಿ ಸೇರಿದಾಗ ನಾನೂ ಹಾಗೇ ತಿಳಿದಿದ್ದೆ. ಆಮೇಲೆ ಒಂದು ಸಲ ಮುಗ್ಗರಿಸಿ ಬಿದ್ದೆ. ಆ ಕಥೆ ಹೇಳುತ್ತೇನೆ, ಆದರೆ ಅದು ಅರ್ಥವಾಗಬೇಕಾದರೆ ಮೊದಲು ಈ ಬ್ಯಾಕ್ಟೀರಿಯಾದ ಪರಿಚಯ ಆಗಬೇಕು.

ಈ ಪರೀಕ್ಷೆ ರೂಪಿಸಿದ ಬ್ರೂಸ್ ಏಮ್ಸ್ ಮೊದಲಿಗೆ ಕ್ಯಾನ್ಸರ್ ಹುಡುಕಿಕೊಂಡು ಹೊರಟವರಲ್ಲ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ತನಗೆ ಬೇಕಾದ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ಹೇಗೆ ತಯಾರಿಸಿಕೊಳ್ಳುತ್ತದೆ ಅಂತ ಅಭ್ಯಾಸ ಮಾಡುತ್ತಿದ್ದರು. ಆ ಕೆಲಸದಲ್ಲಿ ಅವರ ಬಳಿ ಹಿಸ್ಟಿಡಿನ್ ಮಾಡಲಾಗದ ತಳಿಗಳು ರಾಶಿ ಬಿದ್ದಿದ್ದವು. ಕೆಟ್ಟುಹೋದ ಈ ತಳಿಗಳನ್ನೇ ತಿರುಗಿಸಿ ಬಳಸಿದರೆ ಹೇಗೆ ಅನ್ನುವುದು ಅವರ ಯೋಚನೆ. ಹಿಸ್ಟಿಡಿನ್ ಇಲ್ಲದ ಕಡೆ ಈ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಕೆಟ್ಟ ಜೀನ್ ಇನ್ನೊಂದು ಮ್ಯೂಟೇಶನ್‌ನಿಂದ, ಅಂದರೆ ಡಿಎನ್‌ಎಯಲ್ಲಾಗುವ ಇನ್ನೊಂದು ಬದಲಾವಣೆಯಿಂದ ಸರಿಹೋದರೆ ಮಾತ್ರ ಬೆಳೆಯುತ್ತದೆ. ಹಾಗಾದರೆ ಯಾವ ರಾಸಾಯನಿಕ ಹಾಕಿದಾಗ ಜಾಸ್ತಿ ಬ್ಯಾಕ್ಟೀರಿಯಾ ಬೆಳೆಯಿತೋ, ಆ ರಾಸಾಯನಿಕ ಡಿಎನ್‌ಎಯನ್ನು ಕೆಣಕುತ್ತಿದೆ ಅಂತಾಯಿತು, ಅಲ್ವಾ?

ಒಂದೊಂದು ತಳಿಯ ತಪ್ಪೂ ಒಂದೊಂದು ತರಹ. ಟಿಎ100 ಎಂಬ ತಳಿಯಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾಗಿದೆ. ಲ್ಯೂಸಿನ್ ಎಂಬ ಅಮೈನೋ ಆಮ್ಲ ಇರಬೇಕಾದ ಜಾಗದಲ್ಲಿ ಪ್ರೋಲಿನ್ ಎಂಬ ಇನ್ನೊಂದು ಬಂದು ಕೂತು, ಹಿಸ್ಟಿಡಿನ್ ಮಾಡುವ ಕಿಣ್ವ ಕೆಲಸಕ್ಕೆ ಬಾರದಾಗಿದೆ. ಟಿಎ98ರಲ್ಲಿ ಒಂದು ಅಕ್ಷರವೇ ಬಿಟ್ಟುಹೋಗಿದೆ. ಮೂರು ಮೂರು ಅಕ್ಷರ ಕೂಡಿಸಿ ಓದುವ ಜೀನಿನಲ್ಲಿ ಒಂದು ತಪ್ಪಿದರೆ ಮುಂದಿನದೆಲ್ಲ ಅಡ್ಡಾದಿಡ್ಡಿ. ಇನ್ನೂ ಎರಡು ಅಕ್ಷರ ಬಿದ್ದುಹೋದರೆ ಒಟ್ಟು ಮೂರಾಗಿ ಓದು ಮತ್ತೆ ಹಳಿಗೆ ಬರುತ್ತದೆ. ಆದ್ದರಿಂದ ಮ್ಯೂಟೇಶನ್ ತರುವ ವಸ್ತು, ಅಂದರೆ ಮ್ಯೂಟಜನ್‌ಗಳಲ್ಲಿ ಟಿಎ100 ಒಂದು ಬಗೆಯದನ್ನು ಹಿಡಿದರೆ ಟಿಎ98 ಇನ್ನೊಂದು ಬಗೆಯದನ್ನು ಹಿಡಿಯುತ್ತದೆ. ಒಂದೇ ತಳಿ ನಂಬಿ ಕೂರಬಾರದು.

ಇವುಗಳನ್ನು ಬೇಕೆಂತಲೇ ಇನ್ನಷ್ಟು ಬಡವಾಗಿಸಿದ್ದಾರೆ. ಹೊರಗೋಡೆಯ ಪದರ ಕೆಡಿಸಿದ್ದಾರೆ, ದೊಡ್ಡ ಅಣುಗಳೂ ಒಳಗೆ ನುಗ್ಗಲಿ ಅಂತ. ಡಿಎನ್‌ಎ ದುರಸ್ತಿ ಮಾಡುವ ಒಂದು ಜೀನನ್ನು ಕತ್ತರಿಸಿ ತೆಗೆದಿದ್ದಾರೆ, ಆದ ಗಾಯ ಮುಚ್ಚಿಹೋಗದಿರಲಿ ಅಂತ. ಆ ಕತ್ತರಿಗೆ ಪಕ್ಕದಲ್ಲಿದ್ದ, ಬಯೋಟಿನ್ ಎಂಬ ವಿಟಮಿನ್ ಮಾಡುವ ಜೀನೂ ಸಿಕ್ಕಿಹೋಯಿತು. ಹಾಗಾಗಿ ಪಾಪ, ಇವಕ್ಕೆ ಬಯೋಟಿನ್ ಕೂಡ ನಾವೇ ಹಾಕಬೇಕು.

ಈಗ ಕೆಲಸಕ್ಕೆ ಬರೋಣ. ರಾತ್ರಿಯಿಡೀ ಬೆಳೆಸಿದ ಬ್ಯಾಕ್ಟೀರಿಯಾ 0.1 ಮಿಲಿಲೀಟರ್, ಅಂದರೆ ಸುಮಾರು 10 ಕೋಟಿ ಜೀವ. ಅದಕ್ಕೆ ಪರೀಕ್ಷಿಸಬೇಕಾದ ರಾಸಾಯನಿಕ. 45 ಡಿಗ್ರಿಯಲ್ಲಿ ಕರಗಿದ ಸ್ಥಿತಿಯಲ್ಲಿಟ್ಟ ತೆಳು ಅಗಾರ್ ಎಂಬ ಜೆಲ್ಲಿ 2 ಮಿಲಿಲೀಟರ್. ಎಲ್ಲ ಕಲಸಿ, ಗ್ಲೂಕೋಸ್ ಮತ್ತು ಲವಣ ಮಾತ್ರ ಇರುವ ಪ್ಲೇಟಿನ ಮೇಲೆ ಸುರಿದು ಹರಡುತ್ತೇವೆ. 37 ಡಿಗ್ರಿಯಲ್ಲಿ 48 ಗಂಟೆ ಇಡುತ್ತೇವೆ.

ಇಲ್ಲೊಂದು ವಿಚಿತ್ರ ಇದೆ. ಆ ತೆಳು ಅಗಾರ್‌ಗೆ ನಾವು ಸ್ವಲ್ಪ ಹಿಸ್ಟಿಡಿನ್ ಬೆರೆಸಿರುತ್ತೇವೆ! ಹಿಸ್ಟಿಡಿನ್ ಇಲ್ಲದೆ ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆಯಲ್ಲಿ ಹಿಸ್ಟಿಡಿನ್ ಯಾಕೆ?

ಕಾರಣ ಹೀಗಿದೆ. ರಾಸಾಯನಿಕ ಡಿಎನ್‌ಎಗೆ ಅಂಟಿಕೊಂಡರೆ ಅದು ಇನ್ನೂ ಗಾಯ ಮಾತ್ರ, ಮ್ಯೂಟೇಶನ್ ಅಲ್ಲ. ಡಿಎನ್‌ಎ ನಕಲಾಗುವಾಗ ಆ ಗಾಯದ ಎದುರು ತಪ್ಪು ಅಕ್ಷರ ಕೂತು, ಮುಂದಿನ ಪೀಳಿಗೆಗೆ ಹೋದಾಗಲೇ ಅದು ಮ್ಯೂಟೇಶನ್. ಅಂದರೆ ಬ್ಯಾಕ್ಟೀರಿಯಾ ಕೆಲವು ಸಲವಾದರೂ ಒಡೆದು ಎರಡಾಗಬೇಕು. ಪೂರ್ತಿ ಉಪವಾಸ ಕೆಡವಿದರೆ ಅದು ಎರಡಾಗುವುದೇ ಇಲ್ಲ. ಹಾಗಾಗಿ ಒಂದು ಪ್ಲೇಟಿಗೆ ಸುಮಾರು 15 ಮೈಕ್ರೋಗ್ರಾಂ ಹಿಸ್ಟಿಡಿನ್ ಬುತ್ತಿ ಕೊಟ್ಟು ಕಳಿಸುತ್ತೇವೆ. 10 ಕೋಟಿ ಬ್ಯಾಕ್ಟೀರಿಯಾವೂ ಅದನ್ನು ತಿಂದು ಕೆಲವು ಸಲ ಎರಡಾಗಿ, ಬುತ್ತಿ ಮುಗಿದ ಕೂಡಲೇ ನಿಂತುಬಿಡುತ್ತವೆ. ಹಾಗೆ ನಿಂತವುಗಳೆಲ್ಲ ಸೇರಿ ಪ್ಲೇಟಿನ ತುಂಬ ತೆಳ್ಳಗೆ ಮಂಜು ಕವಿದ ಹಾಗೆ ಕಾಣುತ್ತದೆ. ಲ್ಯಾಬಿನಲ್ಲಿ ಇದಕ್ಕೆ ಲಾನ್ ಅನ್ನುತ್ತಾರೆ. ನಾನು ಮಂಜು ಅಂತಲೇ ಕರೆಯುತ್ತೇನೆ. ಆ ನಡುವೆ ಯಾರ ಜೀನ್ ಸರಿಹೋಯಿತೋ ಅವು ಮಾತ್ರ ಬೆಳೆಯುತ್ತಲೇ ಹೋಗಿ ದುಂಡು ಕಾಲನಿಗಳಾಗುತ್ತವೆ, ಅವೇ ನಾವು ಎಣಿಸುವ ಚುಕ್ಕೆಗಳು.

ರಾಸಾಯನಿಕ ಹಾಕದ ಪ್ಲೇಟಿನಲ್ಲೂ ಕಾಲನಿ ಬರುತ್ತವೆ, ಏಕೆಂದರೆ ತಾನಾಗಿಯೇ ಸರಿಹೋಗುವವು ಇದ್ದೇ ಇರುತ್ತವೆ. ಟಿಎ98ರಲ್ಲಿ ಸುಮಾರು 30, ಟಿಎ100ರಲ್ಲಿ ನೂರರ ಮೇಲೆ. ಅದನ್ನೇ ಅಳತೆಗೋಲು ಮಾಡಿಕೊಂಡು, ಪ್ರಮಾಣ ಹೆಚ್ಚಿಸಿದ ಹಾಗೆ ಕಾಲನಿಯೂ ಹೆಚ್ಚುತ್ತಾ ಎರಡು ಪಟ್ಟು ದಾಟಿದರೆ ಪಾಸಿಟಿವ್ ಅನ್ನುವ ರೂಢಿ ಇದೆ.

ಈಗ ನನ್ನ ಕಥೆ. ಒಂದು ಬಣ್ಣದ ಸ್ಯಾಂಪಲ್ ಕೊಟ್ಟಿದ್ದರು. ಟಿಎ100 ಮೇಲೆ ಹಾಕಿದೆ. ಏನೂ ಹಾಕದ ಪ್ಲೇಟಿನಲ್ಲಿ 140 ಕಾಲನಿ. 50 ಮೈಕ್ರೋಗ್ರಾಂಗೆ 150, 500ಕ್ಕೆ 135. 1500ಕ್ಕೆ ಬರೀ 60. ಕೊನೆಗೆ 5000 ಮೈಕ್ರೋಗ್ರಾಂ, ಅಂದರೆ ಸಾಮಾನ್ಯವಾಗಿ ಪರೀಕ್ಷಿಸುವ ಗರಿಷ್ಠ ಪ್ರಮಾಣ. ಅಲ್ಲಿ ಎಣಿಸುವ ಯಂತ್ರ 412 ಅಂತ ತೋರಿಸಿತು. ನನಗೆ ಖುಷಿಯೋ ಖುಷಿ. ಸುಮಾರು ಮೂರು ಪಟ್ಟು! ಪಾಸಿಟಿವ್ ಅಂತ ಬರೆದು ಸೀನಿಯರ್ ಮುಂದೆ ಇಟ್ಟೆ.

ಅವರು ಸಂಖ್ಯೆ ಓದಲೇ ಇಲ್ಲ. ಪ್ಲೇಟನ್ನು ಬೆಳಕಿಗೆ ಹಿಡಿದು, "ಏನಪ್ಪಾ, ಹಿಂದೆ ಮಂಜೇ ಇಲ್ಲವಲ್ಲ?" ಅಂದರು.

ನೋಡಿದೆ. ಉಳಿದ ಪ್ಲೇಟುಗಳಲ್ಲಿ ಚುಕ್ಕೆಗಳ ನಡುವೆ ಮಬ್ಬು ಇತ್ತು. ಇದರಲ್ಲಿ ಗಾಜಿನ ಹಾಗೆ ತಿಳಿ. ಚುಕ್ಕೆಗಳೂ ಬೇರೆ ತರಹ, ಸೂಜಿಮೊನೆಯಷ್ಟು, ಎಲ್ಲವೂ ಒಂದೇ ಅಳತೆ.

ಆದದ್ದೇನು? ಆ ಪ್ರಮಾಣದಲ್ಲಿ ನನ್ನ ಸ್ಯಾಂಪಲ್ ವಿಷವಾಗಿ ಬ್ಯಾಕ್ಟೀರಿಯಾವನ್ನೆಲ್ಲ ಕೊಂದುಹಾಕಿತ್ತು. 10 ಕೋಟಿಯಲ್ಲಿ ಉಳಿದದ್ದು ಕೆಲವು ನೂರು. ಆದರೆ ಬುತ್ತಿ ಅಷ್ಟೇ ಇತ್ತಲ್ಲ! 10 ಕೋಟಿ ಬಾಯಿಗೆ ಹಂಚಬೇಕಾದ ಹಿಸ್ಟಿಡಿನ್ ಈ ಕೆಲವು ನೂರರ ಪಾಲಾಯಿತು. ಸುಲಭದ ಲೆಕ್ಕಕ್ಕೆ ಸಾವಿರ ಉಳಿದವು ಅಂದುಕೊಳ್ಳಿ. ಒಂದೊಂದಕ್ಕೂ ಪಾಲು ಲಕ್ಷ ಪಟ್ಟು ಹೆಚ್ಚು. ಲಕ್ಷ ಪಟ್ಟು ಅಂದರೆ ಸುಮಾರು 17 ಸಲ ಹೆಚ್ಚಾಗಿ ಎರಡಾಗಬಹುದು. ಜೀನ್ ಸರಿಹೋಗದಿದ್ದರೂ ಕಣ್ಣಿಗೆ ಕಾಣುವ ಚುಕ್ಕೆಯಾಗಲು ಅದು ಧಾರಾಳ ಸಾಕು. ಯಂತ್ರಕ್ಕೆ ಚುಕ್ಕೆ ಗೊತ್ತು, ಅದರ ಹಿಂದಿನ ಕಥೆ ಗೊತ್ತಿಲ್ಲ. 1500ರಲ್ಲಿ ಕಾಲನಿ 60ಕ್ಕೆ ಇಳಿದಾಗಲೇ ವಿಷ ಏರುತ್ತಿದೆ ಅಂತ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಅನುಮಾನ ಪರಿಹರಿಸಿಕೊಳ್ಳುವುದು ಕಷ್ಟವೇನಲ್ಲ. ಬಯೋಟಿನ್ ಇರುವ, ಹಿಸ್ಟಿಡಿನ್ ಒಂದು ಚೂರೂ ಇಲ್ಲದ ಹೊಸ ಪ್ಲೇಟ್ ತೆಗೆದುಕೊಳ್ಳಿ. ಅನುಮಾನದ ಚುಕ್ಕೆಗಳಿಂದ ಕಡ್ಡಿಯಲ್ಲಿ ಮುಟ್ಟಿ ಅಲ್ಲಿ ಎಳೆಯಿರಿ. ನಿಜವಾಗಿ ಸರಿಹೋದವು ಬೆಳೆಯುತ್ತವೆ, ಬುತ್ತಿ ತಿಂದು ಉಬ್ಬಿದವು ಬೆಳೆಯುವುದಿಲ್ಲ. ನಾನು 20 ಸೂಜಿಮೊನೆ ಚುಕ್ಕೆ ಎಳೆದೆ, ಒಂದೂ ಏಳಲಿಲ್ಲ. ಏನೂ ಹಾಕದ ಪ್ಲೇಟಿನಿಂದ ತಂದ 20 ಕಾಲನಿಗಳು ಅಷ್ಟೂ ಎದ್ದವು. ನನ್ನ ಪಾಸಿಟಿವ್ ಅಲ್ಲಿಗೆ ಮುಗಿಯಿತು. ಹಾಗಂತ ಅದನ್ನು ನೆಗೆಟಿವ್ ಅನ್ನುವ ಹಾಗೂ ಇಲ್ಲ. ಬ್ಯಾಕ್ಟೀರಿಯಾ ಸತ್ತ ಪ್ಲೇಟ್ ಮ್ಯೂಟೇಶನ್ ಬಗ್ಗೆ ಏನನ್ನೂ ಹೇಳುವುದಿಲ್ಲ. ವಿಷವಾಗದ ಪ್ರಮಾಣಗಳನ್ನು ಇನ್ನೂ ಒತ್ತೊತ್ತಾಗಿ ಇಟ್ಟು ಮತ್ತೆ ಮಾಡಬೇಕಾಯಿತು.

ಇದರ ಉಲ್ಟಾ ಮೋಸವೂ ಇದೆ, ಅದು ಇನ್ನೂ ನಯವಾದದ್ದು. ಪರೀಕ್ಷಿಸುವ ವಸ್ತುವಿನಲ್ಲೇ ಹಿಸ್ಟಿಡಿನ್ ಇದ್ದರೆ? ಪ್ರೋಟೀನ್ ಒಡೆದ ದ್ರಾವಣ, ಗಿಡದ ರಸ, ಮೂತ್ರದ ಸಾರ, ಇವುಗಳಲ್ಲಿ ಇರಬಹುದು. ನಿಮ್ಮ ಸ್ಯಾಂಪಲ್ ಜೊತೆ ಇನ್ನೂ 15 ಮೈಕ್ರೋಗ್ರಾಂ ಬಂತು ಅಂದುಕೊಳ್ಳಿ. ಬುತ್ತಿ ದುಪ್ಪಟ್ಟಾಯಿತು. ಬ್ಯಾಕ್ಟೀರಿಯಾ ಇನ್ನೊಂದು ಸಲ ಎರಡಾದವು. ಒಡೆಯುವುದು ಹೆಚ್ಚಾದ ಹಾಗೆ ತಾನಾಗಿ ಸರಿಹೋಗುವವೂ ಹೆಚ್ಚುತ್ತವೆ, ಒರಟು ಲೆಕ್ಕದಲ್ಲಿ ಅವೂ ದುಪ್ಪಟ್ಟು. ಟಿಎ98ರ 30 ಹೋಗಿ 60ರ ಹತ್ತಿರ. ಸರಿಯಾಗಿ ನಮ್ಮ ಎರಡು ಪಟ್ಟಿನ ಗೆರೆಯ ಮೇಲೇ ಬಂದು ನಿಲ್ಲುತ್ತದೆ! ಪ್ರಮಾಣ ಹೆಚ್ಚಿಸಿದರೆ ಕಾಲನಿಯೂ ಹೆಚ್ಚುತ್ತದೆ, ಪಕ್ಕಾ ಮ್ಯೂಟಜನ್ ವೇಷ.

ಇಲ್ಲಿ ಕಡ್ಡಿಯಲ್ಲಿ ಎಳೆದು ನೋಡುವ ಉಪಾಯ ನಡೆಯುವುದಿಲ್ಲ. ಈ ಕಾಲನಿಗಳು ನಿಜವಾಗಿಯೂ ಸರಿಹೋದವೇ, ಸ್ಯಾಂಪಲ್‌ನಿಂದ ಸರಿಹೋದವಲ್ಲ ಅಷ್ಟೇ. ಗುಟ್ಟು ಮತ್ತೆ ಮಂಜಿನಲ್ಲೇ ಇದೆ. ಪಕ್ಕದಲ್ಲಿ ಏನೂ ಹಾಕದ ಪ್ಲೇಟ್ ಇಟ್ಟುಕೊಂಡು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಂಜು ದಟ್ಟವಾಗಿರುತ್ತದೆ. ಖಾತ್ರಿಗೆ, ಸ್ಯಾಂಪಲ್‌ನಲ್ಲಿ ಎಷ್ಟು ಹಿಸ್ಟಿಡಿನ್ ಇದೆ ಅಂತ ಅಳೆದು, ಅಷ್ಟನ್ನೇ ಏನೂ ಹಾಕದ ಪ್ಲೇಟಿಗೂ ಸೇರಿಸಿ ಹೋಲಿಸಬಹುದು. ಇಲ್ಲವಾದರೆ ಬ್ಯಾಕ್ಟೀರಿಯಾವನ್ನು ದ್ರವದಲ್ಲೇ ಸ್ಯಾಂಪಲ್ ಜೊತೆ ಸ್ವಲ್ಪ ಹೊತ್ತು ಇಟ್ಟು, ತೊಳೆದು, ಆಮೇಲೆ ಪ್ಲೇಟಿಗೆ ಹಾಕಬಹುದು. ನನಗೆ ತೊಳೆಯುವ ದಾರಿಯೇ ಇಷ್ಟ. ಕೆಲಸ ಜಾಸ್ತಿ, ಆದರೆ ವಾದಕ್ಕೆ ಜಾಗ ಕಡಿಮೆ.

ಯಕೃತ್ತಿನ ವಿಷಯವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಕೇಳೇ ಕೇಳುತ್ತೀರಿ. ಬೆಂಜೊಪೈರೀನ್‌ನಂಥ ಹೊಗೆಯ ವಸ್ತು ಇದ್ದ ಹಾಗೇ ಡಿಎನ್‌ಎಗೆ ಅಂಟುವುದಿಲ್ಲ. ನಮ್ಮ ಯಕೃತ್ತಿನ ಕಿಣ್ವಗಳು ಅದನ್ನು ಹೊರಹಾಕಲು ಹೋಗಿ ಅಪಾಯಕಾರಿ ಮಾಡಿಬಿಡುತ್ತವೆ. ಬ್ಯಾಕ್ಟೀರಿಯಾಕ್ಕೆ ಯಕೃತ್ತು ಎಲ್ಲಿಂದ ಬರಬೇಕು? 1973ರಲ್ಲಿ ಏಮ್ಸ್ ಗುಂಪು ಯಕೃತ್ತು ಅರೆದ ರಸವನ್ನು ಪ್ಲೇಟಿಗೇ ಸೇರಿಸಿ ತೋರಿಸಿತು. ಇಂದು ಸಾಮಾನ್ಯವಾಗಿ ಇಲಿಯ ಯಕೃತ್ತು ಅರೆದು, ಗುರುತ್ವದ 9000 ಪಟ್ಟು ಬಲ ಬೀಳುವ ಹಾಗೆ ತಿರುಗಿಸಿ, ಮೇಲೆ ನಿಲ್ಲುವ ತಿಳಿಯನ್ನು ಬಳಸುತ್ತಾರೆ. ಅದಕ್ಕೇ ಎಸ್9 ಅಂತ ಹೆಸರು. ಎಸ್9 ಇದ್ದ ಮತ್ತು ಇಲ್ಲದ ಪ್ಲೇಟುಗಳ ತಾನಾಗಿ ಬರುವ ಕಾಲನಿಗಳ ಸಂಖ್ಯೆ ಒಂದೇ ಇರಬೇಕೆಂದಿಲ್ಲ. ಒಂದರ ಅಳತೆಗೋಲು ಇನ್ನೊಂದಕ್ಕೆ ಹಿಡಿಯಬೇಡಿ.

ಎಲ್ಲ ಸರಿಯಾಗಿ ಮಾಡಿ, ಮಂಜೂ ಚೆನ್ನಾಗಿದ್ದು, ಕಾಲನಿ ಹತ್ತು ಪಟ್ಟು ಬಂದರೆ? ಆಗಲೂ ಗೊತ್ತಾಗುವುದು ಆ ಬ್ಯಾಕ್ಟೀರಿಯಾದ ವಿಷಯ. ಸೋಡಿಯಂ ಅಜೈಡ್ ನೋಡಿ. ಟಿಎ100ರಲ್ಲಿ ಅದು ಎಷ್ಟು ಜೋರೆಂದರೆ, ಪರೀಕ್ಷೆ ಸರಿಯಾಗಿ ನಡೆಯುತ್ತಿದೆಯಾ ಅಂತ ನೋಡಲು ನಾವು ಅದನ್ನೇ ಬಳಸುತ್ತೇವೆ. ಆದರೆ ಇಲಿಗಳಿಗೆ ದೀರ್ಘಕಾಲ ಕೊಟ್ಟು ನೋಡಿದಾಗ ಅದರಿಂದ ಕ್ಯಾನ್ಸರ್ ಬಂದದ್ದು ಕಾಣಲಿಲ್ಲ. ಅಜೈಡ್ ತಾನೇ ಮ್ಯೂಟಜನ್ ಅಲ್ಲ. ಬ್ಯಾಕ್ಟೀರಿಯಾದ ಒಂದು ಕಿಣ್ವ ಅದನ್ನು ಅಜಿಡೋಅಲನಿನ್ ಎಂಬ ವಸ್ತುವಾಗಿ ಮಾಡಿಕೊಂಡು, ತನ್ನ ಡಿಎನ್‌ಎ ತಾನೇ ಕೆಡಿಸಿಕೊಳ್ಳುತ್ತದೆ. ಇನ್ನೊಂದು ಕಡೆ ಆಸ್ಬೆಸ್ಟಾಸ್ ಇದೆ. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ, ನಮ್ಮ ಪ್ಲೇಟಿನಲ್ಲಿ ಮಾತ್ರ ಏನೂ ಕಾಣಿಸುವುದಿಲ್ಲ. ಆ ನಾರು ಬ್ಯಾಕ್ಟೀರಿಯಾದ ಒಳಗೆ ಹೋಗುವುದಾದರೂ ಹೇಗೆ?

ಮುಂದಿನ ಸಾಲಿನಲ್ಲಿ ಮೂರು ಪ್ಲೇಟ್ ಇಟ್ಟಿದ್ದೇನೆ, ಹೆಸರು ಬರೆದಿಲ್ಲ. ಒಂದರಲ್ಲಿ ಮಂಜು ಸರಿಯಾಗಿದೆ, ಒಂದರಲ್ಲಿ ದಟ್ಟ, ಒಂದರಲ್ಲಿ ಇಲ್ಲವೇ ಇಲ್ಲ. ಬೆಳಕಿಗೆ ಹಿಡಿದು ನೋಡಿ. ಮುಚ್ಚಳ ಮಾತ್ರ ತೆಗೆಯಬೇಡಿ, ಎಷ್ಟು ಬಡವಾಗಿಸಿದ್ದರೂ ಅದು ಸಾಲ್ಮೊನೆಲ್ಲಾ.