ಅಸಲು ಬರಲಿ, ಆಮೇಲೆ ಮಾರೋಣ

ಕೇಳುಗರಿಗೆ ನಮಸ್ಕಾರ. ಮಾರ್ಚ್ ತಿಂಗಳು, ಹೂಮಳೆ ಬಿದ್ದಿಲ್ಲ. ರೊಬಸ್ಟಾ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಓಡಿಸಲೇಬೇಕು. ಡೀಸೆಲ್ಲಿಗೆ, ಆಳುಗಳ ಕೂಲಿಗೆ 30,000 ರೂಪಾಯಿ ಬೇಕು. ನಾಪೋಕ್ಲಿನ ಬೆಳೆಗಾರರೊಬ್ಬರ ಹತ್ತಿರ ಎರಡು ಕಂಪನಿಗಳ ನೂರು ನೂರು ಷೇರುಗಳಿವೆ ಎಂದುಕೊಳ್ಳಿ. ಎರಡನ್ನೂ ಕೊಂಡು ವರ್ಷ ಆಗಿಲ್ಲ. ಒಂದನ್ನು 200ಕ್ಕೆ ಕೊಂಡಿದ್ದರು, ಇನ್ನೊಂದನ್ನು 500ಕ್ಕೆ. ಇವತ್ತು ಎರಡರ ಬೆಲೆಯೂ 300. ಯಾವುದನ್ನು ಮಾರಿದರೂ ಕೈಗೆ ಬರುವುದು ಅದೇ 30,000. ಅವರು ಯಾವುದನ್ನು ಮಾರುತ್ತಾರೆ?

ಸಾಮಾನ್ಯವಾಗಿ ಲಾಭದ್ದನ್ನೇ. "ಇನ್ನೊಂದು ಅಸಲಿಗೆ ಬರಲಿ, ಆಮೇಲೆ ನೋಡೋಣ" ಎನ್ನುತ್ತಾರೆ. ಆದರೆ 300 ಮತ್ತೆ 500 ಆಗಬೇಕಾದರೆ ಶೇಕಡಾ 67ರಷ್ಟು ಏರಬೇಕು. ಬಿದ್ದದ್ದು ಶೇಕಡಾ 40 ಮಾತ್ರ ಅಲ್ವಾ? ಇವರು 500 ಕೊಟ್ಟಿದ್ದಾರೆಂದು ಮಾರುಕಟ್ಟೆಗೆ ಗೊತ್ತೂ ಇಲ್ಲ.

ನಾವು ಪ್ರತಿ ಷೇರಿಗೂ ಮನಸ್ಸಿನಲ್ಲಿ ಒಂದೊಂದು ಖಾತೆ ತೆರೆದಿರುತ್ತೇವೆ. ಮಾರುವವರೆಗೆ ನಷ್ಟ ಬರೀ ಕಾಗದದ ಮೇಲಿದೆ ಎಂಬ ಸಮಾಧಾನ. ಮಾರಿದರೆ ಆ ಖಾತೆಯನ್ನು ನಷ್ಟದಲ್ಲೇ ಮುಚ್ಚಿದ ಹಾಗೆ. ಅದು ನೋವು. ಮೊಬೈಲ್ ಆ್ಯಪ್ ಕೂಡ ಕೊಂಡ ಬೆಲೆಯನ್ನು ಕಣ್ಣಿಗೆ ಹೊಡೆಯುವ ಹಾಗೆ ತೋರಿಸುತ್ತದೆ. ಕೆಲವರು 300ಕ್ಕೆ ಇನ್ನೂ ನೂರು ಕೊಂಡು ಸರಾಸರಿಯನ್ನು 400ಕ್ಕೆ ಇಳಿಸಿಕೊಳ್ಳುತ್ತಾರೆ. ಕಂಪನಿಯಲ್ಲಿ ಏನೂ ಬದಲಾಗಿಲ್ಲ, ಸುಮ್ನೆ ಅದೇ ಕಡೆ ಜಾಸ್ತಿ ದುಡ್ಡು ಹೋಗಿದೆ.

ಅಮೆರಿಕದ ಟೆರನ್ಸ್ ಓಡಿಯನ್ 1998ರಲ್ಲಿ 10,000 ಹೂಡಿಕೆದಾರರ ಖಾತೆಗಳ ಅಧ್ಯಯನ ಪ್ರಕಟಿಸಿದರು. ಜನ ನಷ್ಟದ ಷೇರಿಗಿಂತ ಲಾಭದ್ದನ್ನೇ ಬೇಗ ಮಾರುತ್ತಿದ್ದರು. ಮುಂದಿನ ಒಂದು ವರ್ಷದಲ್ಲಿ, ಮಾರಿದ ಲಾಭದ ಷೇರುಗಳು ಇಟ್ಟುಕೊಂಡ ನಷ್ಟದ ಷೇರುಗಳಿಗಿಂತ ಸರಾಸರಿ ಶೇಕಡಾ 3.4ರಷ್ಟು ಹೆಚ್ಚು ಗಳಿಸಿದ್ದವು.

ಹಾಗಂತ ಬಿದ್ದದ್ದನ್ನೆಲ್ಲ ಮಾರಿ ಎನ್ನುತ್ತಿಲ್ಲ. ಕಂಪನಿ ಚೆನ್ನಾಗಿ ನಡೆಯುತ್ತಿದ್ದು, ಬೆಲೆ ಮಾತ್ರ ಇಳಿದಿದ್ದರೆ ಇಟ್ಟುಕೊಳ್ಳಬಹುದು. ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಷೇರು ನನ್ನ ಹತ್ತಿರ ಇಲ್ಲ, 30,000 ನಗದು ಇದೆ. ಇವತ್ತು ಇದನ್ನೇ ಕೊಳ್ಳುತ್ತೇನಾ? ಇಲ್ಲ ಎಂದಾದರೆ, ಹಿಡಿದಿಟ್ಟುಕೊಳ್ಳಲು ಹಳೆಯ 500 ಒಂದೇ ಕಾರಣ.

ಓಡಿಯನ್ ಕಂಡ ಇನ್ನೊಂದು ತಮಾಷೆ ಇದೆ. ಡಿಸೆಂಬರ್‌ನಲ್ಲಿ ಮಾತ್ರ ಅದೇ ಜನ ನಷ್ಟದ ಷೇರುಗಳನ್ನು ಹೆಚ್ಚು ಮಾರುತ್ತಿದ್ದರು. ಅಲ್ಲಿ ತೆರಿಗೆ ವರ್ಷ ಮುಗಿಯುವುದು ಆಗ. ನಮ್ಮಲ್ಲಿ ಅದು ಮಾರ್ಚ್ 31. ಆ ಬೆಳೆಗಾರರು ತೆರಿಗೆ ಕಟ್ಟುವವರಾಗಿದ್ದರೆ, ಲಾಭದ ಷೇರು ಮಾರಿದಾಗ 10,000 ಲಾಭಕ್ಕೆ ಶೇಕಡಾ 20ರಂತೆ 2,000 ತೆರಿಗೆ, ಮೇಲೆ ಸೆಸ್. ನಷ್ಟದ್ದನ್ನು ಮಾರಿದರೆ ತೆರಿಗೆ ಇಲ್ಲ. ಆ 20,000 ನಷ್ಟವನ್ನು ಬೇರೆ ಷೇರುಗಳ ಲಾಭದಲ್ಲಿ ಕಳೆಯಬಹುದು. ಈ ವರ್ಷ ಅಂಥ ಲಾಭ ಇಲ್ಲದಿದ್ದರೆ, ರಿಟರ್ನ್ ಸಮಯಕ್ಕೆ ಸಲ್ಲಿಸಿ ಎಂಟು ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು.