ಹಳೆಯ ವರದಿ ತನ್ನಿ

ಕೇಳುಗರೆಲ್ಲರಿಗೂ ನಮಸ್ಕಾರ. ಹೊಸ ವರ್ಷ ಬಂದ ಕೂಡಲೇ ಆಸ್ಪತ್ರೆಗಳ ಮುಂದೆ ಆರೋಗ್ಯ ತಪಾಸಣೆಯ ಬ್ಯಾನರುಗಳು ಏಳುತ್ತವೆ. ಮೂವತ್ತು ಪರೀಕ್ಷೆ, ಐವತ್ತು ಪರೀಕ್ಷೆ, ಎಪ್ಪತ್ತೆರಡು ಪರೀಕ್ಷೆ, ಜನವರಿ ಮುಗಿಯುವವರೆಗೆ ರಿಯಾಯಿತಿ. ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲೂ ಇಂಥ ಪ್ಯಾಕೇಜ್ ಇದೆ. ಈ ಸಲ ಅದರ ಕರಪತ್ರವನ್ನು ಅಚ್ಚಿಗೆ ಕಳುಹಿಸುವ ಮೊದಲು ನೋಡಿಕೊಡಿ ಎಂದು ನನಗೆ ಕೊಟ್ಟಿದ್ದರು. ಅದರಲ್ಲಿ ಎರಡು ಸಾಲುಗಳನ್ನು ಹೊಡೆದುಹಾಕಿದೆ. ಒಂದು, 'ನಿಮ್ಮೊಳಗೆ ಅಡಗಿರುವ ಶತ್ರುವನ್ನು ಇಂದೇ ಪತ್ತೆ ಮಾಡಿ.' ಇನ್ನೊಂದು, 'ವರ್ಷವಿಡೀ ನಿಶ್ಚಿಂತೆ.' ಮೊದಲನೆಯದು ಹೆದರಿಸುತ್ತದೆ. ಎರಡನೆಯದು ಯಾವ ವೈದ್ಯರೂ ಕೊಡಲಾಗದ ಮಾತು ಕೊಡುತ್ತದೆ. ಅವುಗಳ ಜಾಗದಲ್ಲಿ ಹೀಗೆ ಬರೆದೆ: 'ನಿಮ್ಮ ರಕ್ತದೊತ್ತಡ, ಸಕ್ಕರೆ, ಮೂತ್ರಪಿಂಡದ ಕೆಲಸ ಈ ದಿನ ಹೇಗಿವೆ ಎಂದು ತಿಳಿಯಿರಿ. ಬರುವಾಗ ಹಳೆಯ ವರದಿ ತನ್ನಿ.'

ಹಳೆಯ ವರದಿ ತನ್ನಿ. ಇಂದು ನಾನು ಮುಖ್ಯವಾಗಿ ಹೇಳಲು ಬಂದಿರುವುದು ಇದೊಂದೇ. ಯಾಕೆ ಎಂದು ಒಬ್ಬ ಮೇಷ್ಟ್ರ ಕಥೆಯಿಂದ ಹೇಳುತ್ತೇನೆ. ಹೆಸರು ಹೇಳುವುದಿಲ್ಲ. ಕಥೆ ಹೇಳಲು ಅವರ ಒಪ್ಪಿಗೆ ಇದೆ.

ಅರವತ್ತನಾಲ್ಕು ವರ್ಷ, ನಿವೃತ್ತ ಶಿಕ್ಷಕರು. ಬಿ.ಪಿ. ಇದೆ, ದಿನಕ್ಕೊಂದು ಮಾತ್ರೆ. ಮಗಳು ಬೆಂಗಳೂರಿನಿಂದ ಫೋನಿನಲ್ಲೇ ಎಪ್ಪತ್ತೆರಡು ಪರೀಕ್ಷೆಯ ಪ್ಯಾಕೇಜಿಗೆ ಹಣ ಕಟ್ಟಿದ್ದಳು. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಹೇಳಿದ್ದರಿಂದ ಮೇಷ್ಟ್ರು ಹಿಂದಿನ ಸಂಜೆ ಏಳಕ್ಕೇ ಊಟ ಮುಗಿಸಿದ್ದರು. ಬೆಳಗ್ಗೆ ನೀರನ್ನೂ ಕುಡಿಯಲಿಲ್ಲ, ಬಿ.ಪಿ. ಮಾತ್ರೆಯನ್ನೂ ನುಂಗಲಿಲ್ಲ. ಖಾಲಿ ಹೊಟ್ಟೆ ಎಂದರೆ ಏನೂ ಒಳಗೆ ಹೋಗಬಾರದು ಎಂದುಕೊಂಡಿದ್ದರು. ಬಸ್ ತಡವಾಯಿತು. ಆಸ್ಪತ್ರೆ ತಲುಪಿದಾಗ ಹತ್ತೂವರೆ. ಹದಿನೈದು ಗಂಟೆಗಳಿಗೂ ಮೀರಿದ ಉಪವಾಸ. ಮೆಟ್ಟಿಲು ಹತ್ತಿ ಬಂದವರನ್ನು ಕೂರಿಸಿ ತಕ್ಷಣ ಬಿ.ಪಿ. ನೋಡಿದರು. 168ಕ್ಕೆ 96.

ಸಂಜೆ ವರದಿ ಬಂತು. ಒಂಬತ್ತು ಪುಟ. ಅದರಲ್ಲಿ ನಾಲ್ಕು ಕಡೆ ಅಂಕಿ ದಪ್ಪ ಅಕ್ಷರದಲ್ಲಿತ್ತು. ಅವುಗಳಲ್ಲಿ ಒಂದು ಪೊಟ್ಯಾಸಿಯಂ, 5.9. ಮಗಳು ಅದನ್ನು ಮೊಬೈಲಿನಲ್ಲಿ ಹುಡುಕಿದಳು. ಹೃದಯಕ್ಕೆ ಅಪಾಯ ಎಂದು ಓದಿ ಅಪ್ಪನಿಗೆ ಫೋನ್ ಮಾಡಿದಳು. ಮಾರನೆಯ ದಿನ ಬೆಳಗ್ಗೆ ಎಂಟಕ್ಕೆ ನನ್ನ ಕೋಣೆಯ ಹೊರಗಿನ ಬೆಂಚಿನಲ್ಲಿ ಮೇಷ್ಟ್ರು ಕೂತಿದ್ದರು. ರಾತ್ರಿಯಿಡೀ ನಿದ್ದೆ ಮಾಡಿಲ್ಲ ಎಂಬುದು ಮುಖ ನೋಡಿದರೇ ತಿಳಿಯುತ್ತಿತ್ತು. ತೊಡೆಯ ಮೇಲೆ ಒಂದು ಬಟ್ಟೆಯ ಚೀಲ.

ಮೊದಲು ಪೊಟ್ಯಾಸಿಯಂ ವಿಷಯ. ವರದಿಯ ಆ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ ಇತ್ತು: ರಕ್ತದ ಮಾದರಿಯಲ್ಲಿ ಕೆಂಪು ಕಣಗಳು ಒಡೆದಿವೆ. ಪೊಟ್ಯಾಸಿಯಂ ಹೆಚ್ಚಾಗಿ ಇರುವುದು ಕಣಗಳ ಒಳಗೇ. ಸೂಜಿಯಿಂದ ಎಳೆಯುವಾಗಲೋ ಕೊಳವೆಯಲ್ಲೋ ಕಣ ಒಡೆದರೆ ಅದು ಹೊರಗೆ ಬಂದು ಅಂಕಿ ಏರುತ್ತದೆ. ಏರಿದ್ದು ಕೊಳವೆಯಲ್ಲಿ, ಮೇಷ್ಟ್ರ ದೇಹದಲ್ಲಿ ಅಲ್ಲದೆ ಇರಬಹುದು. ಆದರೆ ಹಾಗೆಂದು ಊಹಿಸಿ ಬಿಡುವ ಅಂಕಿಯೂ ಅದಲ್ಲ. ಆಗಲೇ ಒಂದು ಇ.ಸಿ.ಜಿ. ತೆಗೆಸಿ, ರಕ್ತವನ್ನು ಮತ್ತೊಮ್ಮೆ ಕೊಡಿಸಿದೆ. 4.4 ಬಂತು. ಸರಿಯಾಗಿದೆ. ಬಿ.ಪಿ. ಕೂಡ ಇಳಿದಿತ್ತು, ಆದರೂ ಸ್ವಲ್ಪ ಹೆಚ್ಚೇ. ಆ ದಿನ ಮಾತ್ರೆ ನುಂಗಿ ಬಂದಿದ್ದರು. ಐದು ನಿಮಿಷ ಬೆನ್ನು ಒರಗಿಸಿ, ಪಾದ ನೆಲಕ್ಕೂರಿ, ಮಾತಾಡದೆ ಕೂರಿಸಿ ನೋಡಿದರೆ 142ಕ್ಕೆ 86.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ವರದಿಯಲ್ಲಿ ನಿಮ್ಮ ಅಂಕಿಯ ಪಕ್ಕದಲ್ಲಿ 'ಇಷ್ಟರಿಂದ ಇಷ್ಟು' ಎಂದು ಒಂದು ಮಿತಿ ಇರುತ್ತದೆ. ಬಹುತೇಕ ಪರೀಕ್ಷೆಗಳಲ್ಲಿ ಅದನ್ನು ಗೊತ್ತು ಮಾಡುವುದು ಹೀಗೆ: ಆರೋಗ್ಯವಂತರಾದ ನೂರು ಜನರಲ್ಲಿ ನಡುವಿನ ತೊಂಬತ್ತೈದು ಜನರ ಅಂಕಿಗಳನ್ನು ಮಿತಿಯೊಳಗೆ ಇಡುತ್ತಾರೆ. ಉಳಿದ ಐದು ಜನ ಆರೋಗ್ಯವಾಗಿದ್ದರೂ ಗೆರೆಯ ಆಚೆ ಬೀಳುತ್ತಾರೆ. ಒಬ್ಬ ಆರೋಗ್ಯವಂತನಿಗೆ ಇಪ್ಪತ್ತು ಬೇರೆ ಬೇರೆ ಪರೀಕ್ಷೆ ಮಾಡಿದರೆ ಒಂದಾದರೂ ಗೆರೆ ದಾಟುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಎಪ್ಪತ್ತೆರಡು ಅಂಕಿಗಳಲ್ಲಿ ನಾಲ್ಕು ದಪ್ಪ ಅಕ್ಷರ ಬರುವುದು ಅಚ್ಚರಿಯಲ್ಲ. ದಪ್ಪ ಅಕ್ಷರ ಎಂದರೆ ಕಾಯಿಲೆ ಎಂದಲ್ಲ, ಇದನ್ನು ಒಮ್ಮೆ ವೈದ್ಯರಿಗೆ ತೋರಿಸಿ ಎಂದಷ್ಟೇ.

ಈಗ ಆ ಬಟ್ಟೆಯ ಚೀಲ. ಮೇಷ್ಟ್ರೇ, ಅದರಲ್ಲಿ ಏನಿದೆ ಎಂದು ಕೇಳಿದೆ. ಹಳೆಯ ಕಾಗದಗಳು ಡಾಕ್ಟರೇ, ಬೇಕಾಗಬಹುದು ಎಂದು ತಂದೆ, ಎಂದರು. ಪಿಂಚಣಿಯ ಕಾಗದ, ಕರೆಂಟ್ ಬಿಲ್ಲು, ಅವುಗಳ ನಡುವೆ ಮೂರು ವರ್ಷ ಹಿಂದೆ ಬೇರೊಂದು ಕಡೆ ಮಾಡಿಸಿದ ರಕ್ತಪರೀಕ್ಷೆಯ ಒಂದು ಹಾಳೆ, ನಾಲ್ಕಾಗಿ ಮಡಚಿದ್ದು. ಅದನ್ನು ಬಿಡಿಸಿ ಹೊಸ ವರದಿಯ ಪಕ್ಕ ಇಟ್ಟೆ. ಕ್ರಿಯಾಟಿನಿನ್ ಎಂಬ ಸಾಲನ್ನು ಹುಡುಕಿದೆ. ಮೂತ್ರಪಿಂಡ ಹೊರಗೆ ಹಾಕಬೇಕಾದ ಒಂದು ಕಸ ಅದು. ಕೆಲಸ ಕಡಿಮೆಯಾದರೆ ರಕ್ತದಲ್ಲಿ ಏರುತ್ತದೆ. ಆಗ 0.8 ಇತ್ತು, ಈಗ 1.2.

ಗಮನವಿಟ್ಟು ಕೇಳಿ. ಆ ವರದಿಯ ಪ್ರಕಾರ ಗಂಡಸರಿಗೆ ಮಿತಿ 0.7ರಿಂದ 1.3. ಎರಡೂ ಅಂಕಿಗಳು ಮಿತಿಯೊಳಗೇ ಇವೆ. ಯಾವುದೂ ದಪ್ಪ ಅಕ್ಷರದಲ್ಲಿಲ್ಲ. ಹೊಸ ವರದಿಯನ್ನೊಂದೇ ನೋಡಿದ ಯಾರಾದರೂ ಆ ಸಾಲನ್ನು ದಾಟಿ ಮುಂದೆ ಹೋಗುತ್ತಿದ್ದರು, ನಾನೂ ಹೋಗುತ್ತಿದ್ದೆ. ಆದರೆ ಮೂರು ವರ್ಷದಲ್ಲಿ ಅರ್ಧದಷ್ಟು ಏರಿದೆ. ಇದನ್ನು ಎಪ್ಪತ್ತೆರಡು ಪರೀಕ್ಷೆಗಳು ಹೇಳಲಿಲ್ಲ. ನಾಲ್ಕಾಗಿ ಮಡಚಿದ ಒಂದು ಹಾಳೆ ಹೇಳಿತು.

ಆಗಲೂ ಗಾಬರಿಪಡುವ ಕೆಲಸವಿಲ್ಲ, ಕಾರಣ ಹುಡುಕುವ ಕೆಲಸ. ನೀರು ಕುಡಿಯದೆ ಬಂದಿದ್ದರಿಂದ ಸ್ವಲ್ಪ ಏರಿರಬಹುದು. ಚೆನ್ನಾಗಿ ನೀರು ಕುಡಿದು ಒಂದು ವಾರ ಬಿಟ್ಟು ಬನ್ನಿ ಎಂದೆ. ಬಂದರು. ಮತ್ತೆ 1.2. ಬಿ.ಪಿ. ಇರುವವರಿಗೆ ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು ಸೋರುತ್ತಿದೆಯೇ ಎಂದು ಅಳೆಯುವ ಪರೀಕ್ಷೆ ಬೇಕು. ಎಪ್ಪತ್ತೆರಡರ ಪಟ್ಟಿಯಲ್ಲಿ ಅದೇ ಇರಲಿಲ್ಲ. ಮಾಡಿಸಿದೆವು, ಸೋರಿಕೆ ಇರಲಿಲ್ಲ. ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಮೂರನೆಯ ಸಲ ಕೇಳಿದಾಗ ಹೇಳಿದರು: ಮಂಡಿನೋವಿಗೆ ಔಷಧಿ ಅಂಗಡಿಯವರು ಕೊಡುವ ಒಂದು ಮಾತ್ರೆ ಇದೆ, ಎರಡು ವರ್ಷದಿಂದ, ಹೆಚ್ಚು ಕಡಿಮೆ ದಿನವೂ. ಮಾತ್ರೆಯ ಸ್ಟ್ರಿಪ್ ತರಿಸಿ ನೋಡಿದರೆ ಡೈಕ್ಲೋಫೆನಾಕ್. ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡಬಲ್ಲ, ಬಿ.ಪಿ.ಯನ್ನೂ ಏರಿಸಬಲ್ಲ ನೋವಿನ ಮಾತ್ರೆ ಅದು. ಅವರು ಅದನ್ನು ಔಷಧಿ ಎಂದು ಎಣಿಸಿಯೇ ಇರಲಿಲ್ಲ, ನೋವಿನ ಮಾತ್ರೆ ತಾನೇ ಎಂದಿದ್ದರು. ನಿಲ್ಲಿಸಿದೆವು. ಮಂಡಿಗೆ ಬಿಸಿ ಶಾಖ, ತೊಡೆಯ ವ್ಯಾಯಾಮ, ತೀರಾ ನೋವಿದ್ದ ದಿನ ಪ್ಯಾರಾಸಿಟಮಾಲ್. ಆರು ವಾರಗಳ ನಂತರ ಕ್ರಿಯಾಟಿನಿನ್ 1.0. ಎಲ್ಲರಿಗೂ ಹೀಗೆಯೇ ಇಳಿಯುತ್ತದೆ ಎಂದು ನಾನು ಹೇಳುವುದಿಲ್ಲ. ಮೇಷ್ಟ್ರಿಗೆ ಇಳಿಯಿತು. ಆರು ತಿಂಗಳಿಗೊಮ್ಮೆ ನೋಡುತ್ತಿರುತ್ತೇವೆ.

ಆದ್ದರಿಂದಲೇ ಹಳೆಯ ವರದಿ ತನ್ನಿ ಎನ್ನುವುದು. ಒಂದು ವರದಿ ಒಂದು ದಿನದ ಅಂಕಿ. ಎರಡು ವರದಿ ಪಕ್ಕಪಕ್ಕ ಇಟ್ಟರೆ ಅಂಕಿ ಯಾವ ಕಡೆಗೆ ನಡೆಯುತ್ತಿದೆ ಎಂದು ಕಾಣುತ್ತದೆ. ಫೋನಿನಲ್ಲಿ ಫೋಟೊ ಇದ್ದರೂ ಸಾಕು. ಜೊತೆಗೆ ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಒಂದು ಚೀಲದಲ್ಲಿ ಹಾಕಿ ತನ್ನಿ, ಅಂಗಡಿಯಲ್ಲಿ ಕೇಳಿ ತೆಗೆದುಕೊಂಡದ್ದನ್ನೂ, ಆಯುರ್ವೇದದ್ದನ್ನೂ ಸೇರಿಸಿ.

ಪರೀಕ್ಷೆಗಳ ಎಣಿಕೆಗೆ ಮರುಳಾಗಬೇಡಿ. ರಕ್ತಕಣಗಳ ಎಣಿಕೆ ಎಂಬ ಒಂದೇ ಪರೀಕ್ಷೆಯಲ್ಲಿ ಇಪ್ಪತ್ತರಷ್ಟು ಅಂಕಿಗಳು ಬರುತ್ತವೆ, ಸಾಮಾನ್ಯ ಮೂತ್ರಪರೀಕ್ಷೆಯಲ್ಲಿ ಹತ್ತಕ್ಕೂ ಹೆಚ್ಚು. ಎಪ್ಪತ್ತೆರಡು ಎಂದರೆ ನಿಮ್ಮಿಂದ ತೆಗೆಯುವುದು ಮೂರು ಕೊಳವೆ ರಕ್ತ, ಒಂದು ಡಬ್ಬಿ ಮೂತ್ರ. ಹಣ ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ವರದಿ ಬಂದ ಮೇಲೆ ವೈದ್ಯರು ನನ್ನೊಂದಿಗೆ ಕೂತು ಓದುತ್ತಾರೆಯೇ? ಇಲ್ಲ, ಮೊಬೈಲಿಗೆ ಕಳುಹಿಸುತ್ತೇವೆ ಎಂದರೆ ನೀವು ಕೊಂಡದ್ದು ಅರ್ಧ ತಪಾಸಣೆ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಉಪವಾಸ ಎಂಟರಿಂದ ಹನ್ನೆರಡು ಗಂಟೆ ಸಾಕು, ನೀರು ಕುಡಿಯಿರಿ. ಬಿ.ಪಿ. ಮಾತ್ರೆಯನ್ನು ಸಾಮಾನ್ಯವಾಗಿ ನುಂಗಿಯೇ ಬರಬೇಕು, ಸಕ್ಕರೆ ಕಾಯಿಲೆಯ ಮಾತ್ರೆ ಮತ್ತು ಇನ್ಸುಲಿನ್ ಬಗ್ಗೆ ಮೊದಲೇ ನಿಮ್ಮ ವೈದ್ಯರನ್ನು ಕೇಳಿ. ಈಗ ಧನುರ್ಮಾಸ. ಬೆಳಗ್ಗೆ ಪೂಜೆಯ ಹುಗ್ಗಿ ತಿಂದು, ಪ್ರಸಾದ ಲೆಕ್ಕಕ್ಕಿಲ್ಲ ಎಂದು ಬಂದು ಕೂರುವವರು ದಿನಕ್ಕೆ ಇಬ್ಬರಾದರೂ ಇರುತ್ತಾರೆ. ಪ್ರಸಾದದ ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ತಿಂದಿದ್ದರೆ ತಿಂದೆ ಎಂದು ಹೇಳಿ, ಬೇರೊಂದು ದಿನ ಬನ್ನಿ. ಇ.ಸಿ.ಜಿ. ದಾಖಲಿಸುವುದು ಸುಮಾರು ಹತ್ತು ಸೆಕೆಂಡುಗಳ ಹೃದಯಬಡಿತವನ್ನು. ಅದು ಸರಿ ಇದೆ ಎಂದು ನಡೆಯುವಾಗ ಬರುವ ಎದೆನೋವನ್ನು ಹೇಳದೆ ಇರಬೇಡಿ. ಮೂವತ್ತು ದಾಟಿದವರಿಗೆ ಬಿ.ಪಿ., ಸಕ್ಕರೆ ಪರೀಕ್ಷೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಪ್ಯಾಕೇಜಿಗೆ ಹಣವಿಲ್ಲ ಎಂದು ಸುಮ್ಮನಿರಬೇಡಿ. ಅಲ್ಲಿ ಬರೆದುಕೊಡುವ ಚೀಟಿಯನ್ನೂ ಎಸೆಯಬೇಡಿ, ಮುಂದಿನ ವರ್ಷಕ್ಕೆ ಅದೇ ನಿಮ್ಮ ಹಳೆಯ ವರದಿ. ನಮಸ್ಕಾರ.